ಗುಂಟೆಗೆ ಎಂಬತ್ತೊಂಬತ್ತು ಅಡಿ

ಬ್ರೇಕಕ್ಕ ಎಂದರೆ ಆ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಸ್ಟೀರಿಂಗ್ ಹಿಡಿದ ಅರ್ಧ ಊರು ಅವಳ ಬಾಯಿಂದ ‘ಬ್ರೇಕ್! ಬ್ರೇಕ್ ತುಳಿಯೋ ಮಹಾರಾಯಾ!’ ಎಂದು ಬೈಸಿಕೊಂಡೇ ಲೈಸೆನ್ಸು ಪಡೆದದ್ದು. ಅವಳ ಗಂಟಲು ಎಂಥದ್ದೆಂದರೆ, ಒಳಗೆ ಕೂತವನು ಬ್ರೇಕ್ ತುಳಿಯುವ ಮೊದಲೇ ಎದುರಿನಿಂದ ಬರುವ ಲಾರಿಯವನು ತುಳಿದಿರುತ್ತಿದ್ದ.

ಇಂಥ ಬ್ರೇಕಕ್ಕನಿಗೆ ಈಗ ನಿದ್ದೆ ಹಾರಿಹೋಗಿತ್ತು. ಸಾರಿಗೆ ಕಚೇರಿಯವರು ಹೊಸ ನಿಯಮ ತಂದಿದ್ದರು. ಡ್ರೈವಿಂಗ್ ಸ್ಕೂಲ್ ನಡೆಸುವವರಿಗೆ ಕಲಿಸಲು ಒಂದು ಎಕರೆಗೆ ಕಡಿಮೆಯಿಲ್ಲದ ಮೈದಾನ ಇರಬೇಕು, ಸರ್ವೆಯರ್ ಅಳೆದು ಸಹಿ ಹಾಕಿದ ನಕ್ಷೆ ತರಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಸ್ಕೂಲಿಗೆ ಬೀಗ. ಇಷ್ಟು ದಿನ ಅವಳು ಕಲಿಸುತ್ತಿದ್ದದ್ದು ಒಂದು ಗೋದಾಮಿನ ಹಿಂದಿನ ಅಂಗಳದಲ್ಲಿ. ಅಲ್ಲಿ ಎಂಟು ಹಾಕಲು ಹೋದರೆ ಆರೂವರೆಗೇ ಗೋಡೆ ಸಿಗುತ್ತಿತ್ತು. ಸ್ಕೂಲು ಮುಚ್ಚಿದರೆ ತಾನು ಬೆಳಗ್ಗೆ ಎದ್ದು ಯಾರನ್ನು ಬೈಯಬೇಕು ಎಂಬುದೇ ಅವಳಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಭಯವಾಗಿತ್ತು. ಬೇರೆ ಯಾವ ಕೆಲಸವೂ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಪುಣ್ಯಕ್ಕೆ ಅವಳ ತಮ್ಮ ಜಮೀನಿನ ಬ್ರೋಕರ್. ಪುಣ್ಯಕ್ಕೆ ಎಂದು ಅವಳು ಆಗ ಅಂದುಕೊಂಡಿದ್ದಳು.

ತಮ್ಮನನ್ನು ಪೇಟೆಯವರು ‘ರೌಂಡ್ ಫಿಗರ್’ ಎಂದೇ ಕರೆಯುತ್ತಿದ್ದರು. ಚಿಲ್ಲರೆ ಸಂಖ್ಯೆ ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. ಹತ್ತೂ ಇಪ್ಪತ್ತಕ್ಕೆ ಬರುತ್ತೇನೆಂದರೆ ಹನ್ನೊಂದಕ್ಕೆ ಬರುವವನು. ಅವನು ಅಕ್ಕನ ಮುಂದೆ ಬಾಡಿಗೆಗೆ ಸಿಗುವ ಎರಡು ಜಾಗ ಇಟ್ಟ.

“ನೋಡಕ್ಕ, ಕಾಲುವೆ ಹತ್ರದ್ದು ಒಂದು ಎಕರೆ ಒಂದು ಗುಂಟೆ. ಎಕರೆಗೆ ನಲವತ್ತು ಗುಂಟೆ, ಅಂದ್ರೆ ಒಟ್ಟು ನಲವತ್ತೊಂದು. ಕೋಳಿಫಾರಂ ಪಕ್ಕದ್ದು ಇನ್ನೂರು ಅಡಿಗೆ ಇನ್ನೂರ ಹದಿನೈದು. ನಲವತ್ಮೂರು ಸಾವಿರ ಚದರಡಿ.”

“ಒಂದನ್ನ ಗುಂಟೇಲಿ ಹೇಳ್ತೀಯ, ಇನ್ನೊಂದನ್ನ ಅಡೀಲಿ ಹೇಳ್ತೀಯ. ನಾನು ಯಾವುದನ್ನ ಯಾವುದಕ್ಕೆ ಹೋಲಿಸ್ಲಿ? ಒಂದೇ ಲೆಕ್ಕಕ್ಕೆ ತಾರೋ.”

“ಅದೇನು ಮಹಾ! ಗುಂಟೆ ಅಂದ್ರೆ ಸಾವಿರ ಅಡಿ. ನಲವತ್ಮೂರು ಸಾವಿರ ಅಂದ್ರೆ ನಲವತ್ಮೂರು ಗುಂಟೆ. ಎಕರೆ ಮೇಲೆ ಮೂರು ಗುಂಟೆ. ಕಾಲುವೆ ಹತ್ರದ್ದಕ್ಕಿಂತ ಎರಡು ಗುಂಟೆ ಜಾಸ್ತಿ.”

ಲೆಕ್ಕ ಬಾಯಲ್ಲಿ ಇಟ್ಟ ಬೆಣ್ಣೆಯ ಹಾಗೆ ಇಳಿದುಹೋಯಿತು. ಕಾಲುವೆಯ ಜಾಗದಲ್ಲಿ ನೆರಳಿತ್ತು, ನಲ್ಲಿಯಿತ್ತು, ಒಳ್ಳೆಯ ಬೇಲಿಯಿತ್ತು. ಆದರೂ ದೊಡ್ಡದು ಬಿಟ್ಟು ಚಿಕ್ಕದನ್ನು ಯಾರಾದರೂ ಹಿಡಿಯುತ್ತಾರೆಯೇ? ಬ್ರೇಕಕ್ಕ ಕೋಳಿಫಾರಮ್ಮಿನ ಕಡೆಗೇ ವಾಲಿದಳು.

ಅಲ್ಲೊಂದು ಮುಜುಗರದ ವಿಷಯವಿತ್ತು. ಆ ಜಾಗದ ಯಜಮಾನ, ಅಂದರೆ ಕೋಳಿಗಳ ಯಜಮಾನ, ಅವಳ ಹಳೆಯ ಶಿಷ್ಯ. ಅವಳು ಕಲಿಸಲಾಗದೆ ವಾಪಸ್ ಕಳಿಸಿದ ಒಬ್ಬನೇ ಶಿಷ್ಯ. ಮುಂದಕ್ಕೆ ಹೇಗೋ ಓಡಿಸುತ್ತಿದ್ದ. ರಿವರ್ಸ್ ಗೇರು ಹಾಕಿದ ಕೂಡಲೇ ಅವನ ಕೈಕಾಲು ತಲೆ ಮೂರೂ ಬೇರೆ ಬೇರೆ ಮನೆಯವರಂತೆ ವರ್ತಿಸುತ್ತಿದ್ದವು. ಒಂದು ದಿನ ತಾಳ್ಮೆ ಕೆಟ್ಟು, “ನಿಮ್ಮ ಕೈಗೆ ಸ್ಟೀರಿಂಗ್ ಕೊಡೋದಕ್ಕಿಂತ ನಿಮ್ಮ ಕೋಳಿ ಕೈಗೆ ಕೊಡೋದು ವಾಸಿ” ಎಂದು ಎಲ್ಲರ ಮುಂದೆ ಅಂದುಬಿಟ್ಟಿದ್ದಳು. ಅಂದಿನಿಂದ ಆತ ಮೊಟ್ಟೆ ವ್ಯಾನಿಗೆ ಬಾಡಿಗೆ ಡ್ರೈವರ್ ಇಟ್ಟುಕೊಂಡು, ತಾನು ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದ.

ಕರಾರಿನ ಕಾಗದಕ್ಕೆ ಕೂತ ದಿನ ಆತ ಹಳೆಯದೇನೂ ಎತ್ತಲಿಲ್ಲ. ಕುರ್ಚಿ ಒರೆಸಿ ಕೊಟ್ಟ, ನೀರು ತಂದಿಟ್ಟ. ಆ ಒಳ್ಳೆಯತನ ನೋಡಿ ಬ್ರೇಕಕ್ಕನಿಗೆ ಒಳಗೇ ಚುರುಕ್ಕೆಂದಿತು. ತಾನೂ ಏನಾದರೂ ದೊಡ್ಡ ಮನಸ್ಸು ತೋರಿಸಬೇಕು ಎನ್ನಿಸಿತು.

“ಯಜಮಾನ್ರೇ, ನನಗೆ ಬೇಕಾಗಿರೋದು ನಲವತ್ತೇ ಗುಂಟೆ. ಮೂರು ಗುಂಟೆ ಹೆಚ್ಚಿಗೆ ಇದೆ. ಹಿಂದುಗಡೆ ಹದಿನೈದು ಅಡಿ ಪಟ್ಟಿ ನೀವೇ ಇಟ್ಕೊಳ್ಳಿ, ಪಾಪ, ಕೋಳಿಗಳು ಓಡಾಡ್ಕೊಂಡಿರ್ಲಿ. ಇನ್ನೂರಕ್ಕೆ ಇನ್ನೂರು ಅಂತ ಬರೀರಿ. ಇನ್ನೊಬ್ಬರ ಜಾಗ ಸುಮ್ಮನೆ ಹಿಡ್ಕೊಂಡು ಕೂರೋಳಲ್ಲ ನಾನು.”

ಯಾರೂ ಕೇಳಿರಲಿಲ್ಲ. ಯಜಮಾನ ಕಣ್ಣು ಪಿಳಿಪಿಳಿ ಬಿಟ್ಟ. ತಮ್ಮನಂತೂ ಇನ್ನೂರಕ್ಕೆ ಇನ್ನೂರು, ನಲವತ್ತು ಸಾವಿರ, ಇಂಥ ದುಂಡನೆಯ ಸಂಖ್ಯೆ ಜನ್ಮದಲ್ಲಿ ಕಂಡಿರಲಿಲ್ಲವೆಂದು ಹಿಗ್ಗಿ ಹೀರೇಕಾಯಿಯಾದ. ವಾರದೊಳಗೆ ಆ ಪಟ್ಟಿಗೆ ಬಲೆ ಬಿತ್ತು, ಕೋಳಿಗಳು ಇಳಿದವು. ಬ್ರೇಕಕ್ಕ ಅವುಗಳನ್ನು ನೋಡಿದಾಗಲೆಲ್ಲ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಆಮೇಲೆ ಸರ್ವೆಯರ್ ಬಂದ. ತೆಳ್ಳಗಿನ ಮನುಷ್ಯ, ಲೋಕದ ಮೇಲೆಲ್ಲ ಬೇಸರ ಬಂದವನ ಮುಖ. ಟೇಪು ಎಳೆದ, ಮೂಲೆ ನೋಡಿದ, ಮೊಟ್ಟೆಯ ಕ್ರೇಟೊಂದನ್ನು ಬೋರಲು ಹಾಕಿ ಕೂತು ಆಕಳಿಸಿದ.

“ಗುಂಟೆಗೆ ಹದಿನಾರು ಆಣೆ ಲೆಕ್ಕದಲ್ಲಿ ಮೂವತ್ತಾರು ಗುಂಟೆ, ಹನ್ನೊಂದೂವರೆ ಆಣೆ, ಮೇಲೊಂದು ಚೂರು. ಎಕರೆ ಇಲ್ಲ.”

“ಏನ್ರೀ ಹಾಗಂದ್ರೆ?” ಬ್ರೇಕಕ್ಕನ ದನಿಗೆ ಬಲೆಯೊಳಗಿನ ಕೋಳಿಗಳು ಎಗರಿದವು. “ನಲವತ್ತು ಸಾವಿರ ಅಡಿ ಇದೆಯಲ್ರೀ!”

“ಇದೆ. ಯಾರು ಇಲ್ಲ ಅಂದ್ರು? ಒಂದು ಗುಂಟೆ ಅಂದ್ರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ. ಗುಣಿಸಿ.”

ತಮ್ಮ ಫೋನು ತೆಗೆದು ಗುಣಿಸಿದ. “ಸಾವಿರದ ಎಂಬತ್ತೊಂಬತ್ತು. ಅದೇ ಸಾರ್, ರೌಂಡ್ ಫಿಗರ್ ಸಾವಿರ. ಎಂಬತ್ತೊಂಬತ್ತು ಅಡಿ ಏನ್ ದೊಡ್ಡದು? ಎರಡು ಮಂಚ ಹಾಕಿದ್ರೆ ಮುಗೀತು.”

“ಒಂದು ಗುಂಟೇಲಿ ಎರಡು ಮಂಚ. ನಲವತ್ತು ಗುಂಟೇಲಿ ಎಂಬತ್ತು ಮಂಚ. ಅಷ್ಟನ್ನೂ ನೀವು ನುಂಗಿದ್ದೀರಿ. ಎಂಬತ್ತೊಂಬತ್ತನ್ನ ನಲವತ್ತರಿಂದ ಗುಣಿಸಿ ನೋಡಿ.”

ಮೂರು ಸಾವಿರದ ಐನೂರ ಅರವತ್ತು ಬಂತು. ಎಕರೆ ಎಂದರೆ ನಲವತ್ತಮೂರು ಸಾವಿರದ ಐನೂರ ಅರವತ್ತು ಚದರಡಿ. ಸರಿಯಾಗಿ ಅಷ್ಟೇ ಕಡಿಮೆ. ಬ್ರೇಕಕ್ಕ ತಮ್ಮನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಮತ್ತೆ ಗುಣಿಸಿದಳು. ಅಂಕಿಗಳಿಗೆ ಸ್ವಲ್ಪವೂ ದಾಕ್ಷಿಣ್ಯವಿರಲಿಲ್ಲ.

ಹಾಗಾದರೆ ಬಲೆ ಹಾಕಿಸಿ ಕೊಟ್ಟ ಮೂರು ಸಾವಿರ ಅಡಿ ತನ್ನ ಹೊಟ್ಟೆಯದೇ. ಹೋಗಲಿ, ಆ ಪಟ್ಟಿ ಸೇರಿಸಿದರೂ ನಲವತ್ತಮೂರು ಸಾವಿರವೇ. ಮೊದಲಿಂದಲೂ ಈ ಜಾಗ ಎಕರೆಯಾಗಿರಲೇ ಇಲ್ಲ! ಐನೂರ ಅರವತ್ತು ಅಡಿ ಕಡಿಮೆಯೇ ಇತ್ತು. ‘ಚಿಕ್ಕದು’ ಎಂದು ಮೂಗು ಮುರಿದು ಬಿಟ್ಟ ಕಾಲುವೆಯ ಜಾಗವೇ ಎಕರೆಯೂ ಹೌದು, ಮೇಲೊಂದು ಗುಂಟೆಯೂ ಹೌದು.

“ಶುಕ್ರವಾರ ಇನ್ನೊಂದು ಸಲ ಬರ್ತೀನಿ,” ಎಂದ ಸರ್ವೆಯರ್, ಟೇಪು ಸುತ್ತುತ್ತಾ. “ಅಷ್ಟರೊಳಗೆ ಎಕರೆ ಆಗಿದ್ರೆ ಸಹಿ. ಆಗದಿದ್ರೆ ನನ್ನನ್ನ ಬೈಬೇಡಿ.”

ಅಕ್ಕ ತಮ್ಮ ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ಕಾಲುವೆಯ ಜಾಗಕ್ಕೆ ಓಡಿದರು. ಅದನ್ನು ಆಗಲೇ ಬಚ್ಚಲು ಸಾಮಾನಿನ ಅಂಗಡಿಯವನೊಬ್ಬ ಹಿಡಿದಾಗಿತ್ತು. ನಲವತ್ತೊಂದು ಗುಂಟೆಯ ತುಂಬ ಬೆಳ್ಳಗೆ ಹೊಳೆಯುವ ಕಮೋಡುಗಳು ಸಾಲಾಗಿ, ನೆಂಟರ ದಾರಿ ಕಾಯುವವರ ಹಾಗೆ ಕೂತಿದ್ದವು. ಬ್ರೇಕಕ್ಕ ಬೇಲಿ ಹಿಡಿದು ನಿಂತು ಅವನ್ನೇ ನೋಡಿದಳು. ಅಳು ಬಂತು, ಜತೆಗೆ ನಗುವೂ ಬಂತು, ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ತಮ್ಮನ ತಲೆಗೊಂದು ಮೊಟಕಿದಳು.

“ಇನ್ಮೇಲೆ ನನ್ನ ಮುಂದೆ ರೌಂಡ್ ಫಿಗರ್ ಅಂದ್ರೆ ನಿನ್ನ ಮುಖಾನೇ ರೌಂಡ್ ಮಾಡ್ತೀನಿ.”

ಉಳಿದದ್ದು ಒಂದೇ ದಾರಿ. ಸಂಜೆ ಕೋಳಿ ಯಜಮಾನನ ಮನೆಯ ಮೆಟ್ಟಿಲ ಮೇಲೆ ಬ್ರೇಕಕ್ಕ ಜನ್ಮದಲ್ಲೇ ಮೊದಲ ಸಲ ಮೆತ್ತಗೆ ಮಾತಾಡಿದಳು. ಕೊಟ್ಟ ಪಟ್ಟಿ ವಾಪಸ್ ಬೇಕು, ಅದರ ಮೇಲೆ ಇನ್ನೂ ಸ್ವಲ್ಪ ಬೇಕು ಎಂದಳು. ಯಜಮಾನ ಕೇಳಿಸಿಕೊಂಡು ತಲೆಯಾಡಿಸಿದ.

“ಪಟ್ಟಿ ತಗೊಳ್ಳಿ ಅಕ್ಕಾ. ಅದನ್ನ ನಾನು ಕೇಳೇ ಇರ್ಲಿಲ್ಲ. ನಾಳೆನೇ ಬಲೆ ಬಿಚ್ಚಿಸ್ತೀನಿ. ಮಿಕ್ಕಿದ್ದು ಎಷ್ಟು ಬೇಕು?”

“ಅರ್ಧ ಗುಂಟೆ ಸಾಕು ಯಜಮಾನ್ರೇ,” ಎಂದು ತಮ್ಮ ನಡುವೆ ಬಾಯಿ ಹಾಕಿದ.

“ಮುಚ್ಚೋ ಬಾಯಿ! ಅರ್ಧ ಗುಂಟೆ ಅಂದ್ರೆ ಐನೂರ ನಲವತ್ನಾಲ್ಕೂವರೆ ಅಡಿ. ಇನ್ನೂ ಹದಿನೈದೂವರೆ ಅಡಿ ನಿಮ್ಮಪ್ಪ ತಂದುಕೊಡ್ತಾರಾ?” ಅವರಿಬ್ಬರ ಅಪ್ಪ ಒಬ್ಬರೇ ಎಂಬುದು ಆ ಕೋಪದಲ್ಲಿ ಅವಳಿಗೆ ನೆನಪಾಗಲಿಲ್ಲ. “ಐನೂರ ಅರವತ್ತು ಬೇಕು. ಅಗಲ ಇನ್ನೂರು ಅಡಿ ಇದೆ. ಹಿಂದಕ್ಕೆ ಎರಡು ಅಡಿ ಹತ್ತಿಂಚು ಸರಿದ್ರೆ ಸಾಕಾಗುತ್ತೆ. ಮೂರಡಿ ಅಂತಿಟ್ಕೊಳ್ಳಿ.”

ಯಜಮಾನನ ಮುಖ ಗಂಟಾಯಿತು. ಒಂದು ಕಡೆ ರಸ್ತೆ, ಎರಡು ಕಡೆ ಬೇರೆಯವರ ಮನೆಗಳು. ಹಿಂದೆ, ಪಟ್ಟಿ ಮುಗಿಯುವಲ್ಲೇ ಒಂದು ಮಣ್ಣಿನ ಗೋಡೆ, ಈ ತುದಿಯಿಂದ ಆ ತುದಿಯವರೆಗೆ. ಆಚೆ ಓಣಿಯಷ್ಟು ಖಾಲಿ ಜಾಗ, ಆಮೇಲೆ ಕೋಳಿ ಶೆಡ್ಡು.

“ಗೋಡೆ ನಮ್ಮಪ್ಪ ಕಟ್ಟಿದ್ದು. ಒಬ್ರೇ, ಕೈಯಾರೆ. ಅದನ್ನ ಮುಟ್ಟೋದಿಲ್ಲ.” ಆತ ಸ್ವಲ್ಪ ಹೊತ್ತು ಮೊಣಕಾಲು ಕೆರೆದುಕೊಂಡ. “ಒಂದು ಕೆಲಸ ಮಾಡಿ. ನನಗೆ ರಿವರ್ಸ್ ಕಲಿಸಿ. ನನ್ನ ವ್ಯಾನಲ್ಲೇ. ನೆಟ್ಟಗೆ ಹಿಂದಕ್ಕೆ ಬಂದ ದಿನ ನಾನೇ ಗೋಡೆ ಬಿಚ್ಚಿ ಹಿಂದೆ ಕಟ್ಕೋತೀನಿ. ನಮ್ಮಪ್ಪನಿಗೂ ಅದೊಂದು ಆಸೆ ಇತ್ತು, ಮಗ ಗಾಡಿ ಓಡಿಸ್ಬೇಕು ಅಂತ. ಆದ್ರೆ ಒಂದು ಮಾತು. ನೀವು ಕೂಗಬಾರದು. ನೀವು ಕೂಗಿದ್ರೆ ನನಗೆ ಎದೆ ಒಡೆಯುತ್ತೆ. ಒಂದೇ ಒಂದು ಸಲ ‘ಬ್ರೇಕ್’ ಅಂದ್ರೂ ಮಾತು ಮುರೀತು.”

ಬ್ರೇಕಕ್ಕ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ?

ಸ್ಕೂಲಿನ ಕಾರಾಗಿದ್ದರೆ ಕಲಿಸುವವರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಮೊಟ್ಟೆ ವ್ಯಾನಿನಲ್ಲಿ ಇರಲಿಲ್ಲ. ಬ್ರೇಕಕ್ಕ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಇಲ್ಲದ ಬ್ರೇಕನ್ನು ಕಾಲಲ್ಲಿ ತುಳಿಯುತ್ತಾ ಕೂತಳು. ವ್ಯಾನು ಹಿಂದಕ್ಕೆ ಹೊರಟರೆ ಎಡಕ್ಕೆ ಹೋಗುತ್ತಿತ್ತು, ಎಡ ಸರಿಮಾಡಿದರೆ ಬಲಕ್ಕೆ ಸುತ್ತುತ್ತಿತ್ತು, ಒಮ್ಮೆಯಂತೂ ಹೊರಟ ಜಾಗಕ್ಕೇ ಮುಂದುಗಡೆಯಿಂದ ಬಂತು. ಅದು ಹೇಗಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಅವಳ ಕಣ್ಣು ಹೊರಗೆ ಬರುವಂತಾಗುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, ಬಾಯಿಂದ ‘ಮ್ಮ್ಮ್’ ಎಂಬ ಸದ್ದು ಮಾತ್ರ ಬರುತ್ತಿತ್ತು.

“ಏನಾದ್ರೂ ಹೇಳಿದ್ರಾ ಅಕ್ಕಾ?”

ಅವಳು ಸೆರಗು ತೆಗೆದು, “ಇಲ್ಲಪ್ಪಾ, ತುಂಬ ಚೆನ್ನಾಗಿದೆ,” ಎಂದು ಹಲ್ಲು ಕಚ್ಚಿ ಹೇಳಿ ಮತ್ತೆ ತುರುಕಿಕೊಂಡಳು.

ಗುರುವಾರ ಬಂತು. ಮಾರನೆಯ ದಿನ ಸರ್ವೆಯರ್ ಬರುವವನು. ಯಜಮಾನ ಅಂದು ವ್ಯಾನಿನ ಹಿಂದೆ ಮೊಟ್ಟೆಯ ಟ್ರೇಗಳನ್ನೂ ತುಂಬಿಸಿದ್ದ. ಒಡೆಯುವ ಸಾಮಾನಿದ್ದರೆ ಮೈಮೇಲೆ ಎಚ್ಚರ ಇರುತ್ತದೆ ಎಂಬುದು ಅವನ ಲೆಕ್ಕ. ರಸ್ತೆಯ ಕಡೆಯಿಂದ ರಿವರ್ಸ್ ಹಾಕಿದ. ಆಶ್ಚರ್ಯವೆಂದರೆ ವ್ಯಾನು ನೆಟ್ಟಗೆ ಬಂತು. ಅರ್ಧ ಮೈದಾನ ದಾಟಿತು, ನೆಟ್ಟಗೆ. ಹಳೆಯ ಬಲೆಯ ಗೆರೆ ದಾಟಿತು, ಇನ್ನೂ ನೆಟ್ಟಗೆ. ಯಜಮಾನ ಖುಷಿಯಲ್ಲಿ ಕನ್ನಡಿ ನೋಡುವುದನ್ನೇ ಬಿಟ್ಟು ಅವಳ ಮುಖ ನೋಡತೊಡಗಿದ.

ಬ್ರೇಕಕ್ಕನಿಗೆ ಪಕ್ಕದ ಕನ್ನಡಿಯಲ್ಲಿ ಗೋಡೆ ಕಂಡಿತು. ಹತ್ತಿರ ಬರುತ್ತಿತ್ತು. ಇನ್ನೂ ಹತ್ತಿರ.

ಆ ಕ್ಷಣದಲ್ಲಿ ಅವಳ ತಲೆಗೆ ಎಲ್ಲವೂ ಹೊಳೆಯಿತು. ಸುಮ್ಮನಿದ್ದರೆ ಸಾಕು. ಕೂಗಬೇಡ ಎಂದವನು ಅವನೇ. ಗೋಡೆ ಬೀಳುತ್ತದೆ, ಬೀಳಿಸಿದವನು ಅವನೇ ಆಗುತ್ತಾನೆ, ನಾಳೆ ಟೇಪು ಮೂರಡಿ ಹಿಂದಕ್ಕೆ ಹೋಗುತ್ತದೆ. ಎಕರೆ ತನ್ನದು, ಸ್ಕೂಲು ತನ್ನದು. ಬಾಯಲ್ಲಿ ಸೆರಗೂ ಇದೆ. ಆದರೆ ಅದು ಅವನ ಅಪ್ಪನ ಗೋಡೆ. ಬ್ರೇಕಕ್ಕ ಸೆರಗನ್ನು ಉಗುಳಿದಳು.

“ಬ್ರೇಏಏಕ್!”

ಅಷ್ಟು ದಿನ ಒಳಗೆ ಕಟ್ಟಿಟ್ಟಿದ್ದ ಕೂಗೆಲ್ಲ ಒಟ್ಟಿಗೆ ಹೊರಬಿತ್ತು. ಯಜಮಾನ ಬೆಚ್ಚಿಬಿದ್ದು ಬಲವಾಗಿ ತುಳಿದ. ಬ್ರೇಕನ್ನಲ್ಲ, ಆಕ್ಸಿಲರೇಟರನ್ನು. ಧಡಾರ್ ಎಂದಿತು. ಮಣ್ಣಿನ ಗೋಡೆ ಅತ್ತ ಕಡೆ ಉರುಳಿತು, ವ್ಯಾನು ಹಿಂದಕ್ಕೆ ಜಿಗಿದ ರಭಸಕ್ಕೆ ಮೊಟ್ಟೆಗಳೆಲ್ಲ ಮುಂದಕ್ಕೆ ಬಂದವು. ಧೂಳು ಅಡಗಿದ ಮೇಲೆ ನೋಡಿದರೆ ವ್ಯಾನಿನ ಹಿಂಭಾಗ ಓಣಿಯಲ್ಲಿ, ಮುಂಭಾಗ ಮೈದಾನದಲ್ಲಿ, ಕೋಳಿಗಳು ಎಲ್ಲೆಲ್ಲೂ. ಯಾರಿಗೂ ಪೆಟ್ಟಾಗಿರಲಿಲ್ಲ. ಇಬ್ಬರ ತಲೆಯಿಂದಲೂ ಹಳದಿ ಲೋಳೆ ಇಳಿಯುತ್ತಿತ್ತು.

ಬ್ರೇಕಕ್ಕ ಇಳಿದು ಬಿದ್ದ ಮಣ್ಣಿನ ಹೆಂಟೆಯೊಂದನ್ನು ಕೈಗೆತ್ತಿಕೊಂಡಳು. “ತಪ್ಪಾಯ್ತು ಯಜಮಾನ್ರೇ. ಮಾತು ಮುರಿದೆ. ನಿಮ್ಮ ಅಪ್ಪನ ಗೋಡೆನೂ ಹೋಯ್ತು. ಜಾಗ ಬೇಡ, ನಾಳೆ ಸರ್ವೆಯರ್‌ಗೆ ಬರಬೇಡಿ ಅಂತ ಹೇಳ್ತೀನಿ.” ಸ್ಕೂಲು ಮುಗಿಯಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಆದರೂ ಹೇಳಿಬಿಟ್ಟಳು.

ಯಜಮಾನ ಬಾಗಿಲು ತೆರೆದಿಟ್ಟು ಕೂತೇ ಇದ್ದ. ಕಿವಿಯಿಂದ ಮೊಟ್ಟೆಯ ಚಿಪ್ಪು ತೆಗೆದು ಬಿಸಾಕಿದ.

“ನೀವು ಸುಮ್ಮನಿದ್ದಿದ್ರೆ ಗೋಡೆ ಬೀಳ್ತಿತ್ತು. ಜಾಗ ನಿಮ್ದಾಗ್ತಿತ್ತು. ನಾನು ಒಂದು ಮಾತೂ ಆಡೋಕಾಗ್ತಿರ್ಲಿಲ್ಲ. ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ಕೂಗಿದ್ರಾ?”

“ಏನ್ ಮಾಡ್ಲಿ, ಬಂದ್ಬಿಡ್ತು.”

ಯಜಮಾನ ಬಿದ್ದ ಗೋಡೆಯನ್ನೂ ಅವಳನ್ನೂ ಒಂದು ಸಲ ನೋಡಿದ. ಆಮೇಲೆ ನಕ್ಕ. ಕೋಳಿಗಳು ಮತ್ತೊಮ್ಮೆ ಚದುರಿಹೋಗುವಷ್ಟು ನಕ್ಕ, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ.

“ನಮ್ಮಪ್ಪ ಇದ್ದಿದ್ರೆ ಮಗ ಇನ್ನೂರು ಅಡಿ ನೆಟ್ಟಗೆ ಹಿಂದಕ್ಕೆ ಬಂದ ಅಂತ ಊರಿಗೆಲ್ಲ ಹೇಳ್ತಿದ್ರು. ಗೋಡೆ ವಿಷಯ ಆಮೇಲೆ. ಮಿಕ್ಕಿದ್ದನ್ನ ಬಿಚ್ಚಿಸ್ತೀನಿ ಅಕ್ಕಾ. ಮೂರಡಿ ಹಿಂದೆ ತಂತಿಬೇಲಿ ಹಾಕೋಣ.”

ಶುಕ್ರವಾರ ಸರ್ವೆಯರ್ ಟೇಪು ಎಳೆದ. ಇನ್ನೂರಕ್ಕೆ ಇನ್ನೂರ ಹದಿನೆಂಟು. ತಮ್ಮ ಗುಣಿಸಿದ, ಅಕ್ಕನ ಮುಖ ನೋಡಿ ಇನ್ನೊಮ್ಮೆ ಗುಣಿಸಿದ. ನಲವತ್ತಮೂರು ಸಾವಿರದ ಆರುನೂರು. ಒಂದು ಎಕರೆ, ಮೇಲೆ ನಲವತ್ತು ಚದರಡಿ. ಸರ್ವೆಯರ್ ಆಕಳಿಸುತ್ತಲೇ ಸಹಿ ಹಾಕಿ ಹೋದ.

ಬ್ರೇಕಕ್ಕ ನಕ್ಷೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಯಜಮಾನ ಆಗಲೇ ವ್ಯಾನು ಚಾಲೂ ಮಾಡಿ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು. ವ್ಯಾನು ಹಿಂದಕ್ಕೆ ಹೊರಟಿತು. ಹೊಸ ತಂತಿಬೇಲಿ ಹತ್ತಿರವಾಗುತ್ತಾ ಬಂತು.

“ಕೂಗಿ ಅಕ್ಕಾ,” ಎಂದ ಆತ. “ಕೂಗದಿದ್ರೆ ನನಗೆ ಗೊತ್ತಾಗಲ್ಲ. ಈ ಸಲ ಸರಿಯಾದ್ದನ್ನೇ ತುಳೀತೀನಿ.”

ಅವಳು ಬಾಯಿ ತೆರೆದಳು. ಕೂಗು ಬರಲಿಲ್ಲ, ಅಳು ಅಡ್ಡ ಬಂತು. ಮಗುವನ್ನು ಮಲಗಿಸುವವರ ದನಿಯಲ್ಲಿ, “ಬ್ರೇಕ್,” ಎಂದಳು.

ವ್ಯಾನು ನಿಂತಿತು. ಬೇಲಿಗೆ ಇನ್ನೂ ಒಂದು ಗೇಣು ಜಾಗವಿತ್ತು.